ಹನ್ನೆರಡು ಚೀಟಿ, ಹನ್ನೊಂದು ಇಸವಿ

ರಾಜ್ಯೋತ್ಸವದ ಸ್ಮರಣ ಸಂಚಿಕೆ ತರುವ ಕನ್ನಡ ಸಂಘಗಳ ಸಂಪಾದಕ ಸಮಿತಿಗಳಿಗೆ ಒಂದು ಬಹಿರಂಗ ಪತ್ರ



ನವೆಂಬರ್ ಹತ್ತಿರ ಬಂದಂತೆ ಊರೂರಿನ ಕನ್ನಡ ಸಂಘಗಳಲ್ಲಿ ಸ್ಮರಣ ಸಂಚಿಕೆಯ ಗಡಿಬಿಡಿ ಶುರುವಾಗುತ್ತದೆ. ಶುಭಾಶಯದ ಸಂದೇಶಗಳು ಬರುತ್ತವೆ, ಜಾಹೀರಾತು ಬರುತ್ತದೆ, ನಾಲ್ಕಾರು ಲೇಖನ ಮತ್ತು ಕವನಗಳು ಬರುತ್ತವೆ. ಕೊನೆಗೆ ಎರಡು ಪುಟ ಖಾಲಿ ಉಳಿಯುತ್ತವೆ. ಆ ಎರಡು ಪುಟಕ್ಕೆ ‘ಏಕೀಕರಣದ ಹೆಜ್ಜೆಗಳು’ ಎಂಬ ಹೆಸರಿನ ಪಟ್ಟಿಯೊಂದು ಬೇಕಾಗುತ್ತದೆ. ಸಮಿತಿಯ ಒಬ್ಬೊಬ್ಬರೂ ತಮಗೆ ನೆನಪಿದ್ದ ಎರಡು ಮೂರು ಘಟನೆಗಳನ್ನು ಬರೆದು ಕೊಡುತ್ತಾರೆ. ಡಿಟಿಪಿ ಮಾಡುವವರು ಅವನ್ನು ಬಂದ ಕ್ರಮದಲ್ಲೇ ಒಂದರ ಕೆಳಗೊಂದು ಕೂರಿಸಿ ಅಚ್ಚಿಗೆ ಕಳಿಸುತ್ತಾರೆ. ಪಟ್ಟಿಯಲ್ಲಿ 1956 ಮೇಲಿರುತ್ತದೆ, 1924 ಅದರ ಕೆಳಗಿರುತ್ತದೆ, 1953 ಮೂರು ಕಡೆ ಚದುರಿರುತ್ತದೆ. ಓದುವವರು ಕಣ್ಣಾಡಿಸಿ ಪುಟ ತಿರುವುತ್ತಾರೆ. ಮೂವತ್ತು ನಲವತ್ತು ವರ್ಷ ಜನ ಹೋರಾಡಿ ಪಡೆದ ನಾಡಿನ ಕಥೆ ಹೀಗೆ ಯಾರ ಕೈಗೂ ಸಿಗದೆ ಹೋಗುತ್ತದೆ. ಈ ಪತ್ರ ಹುಟ್ಟಿದ್ದು ಆ ನೋವಿನಿಂದ.

ಒಂದು ಸಂಘದ ಸಮಿತಿ ಈ ಕೆಲಸವನ್ನು ಬೇರೆ ರೀತಿ ಮಾಡಿತು. ಅವರು ಏನು ಮಾಡಿದರು, ಎಲ್ಲಿ ಎಡವಿದರು ಎಂಬುದನ್ನು ಹೇಳಿದರೆ ಉಳಿದವರಿಗೆ ಉಪದೇಶಕ್ಕಿಂತ ಹೆಚ್ಚು ಉಪಯೋಗವಾದೀತು.

ಸಭೆ ಸೇರಿದ್ದು ನಿವೃತ್ತ ಮೇಷ್ಟ್ರೊಬ್ಬರ ಮನೆಯ ನಡುಮನೆಯಲ್ಲಿ. ಅಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು, ಗೃಹಿಣಿಯೊಬ್ಬರು, ಡಿಟಿಪಿ ಕಲಿತ ಹುಡುಗಿ, ಇನ್ನಿಬ್ಬರು ಇದ್ದರು. ಎಲ್ಲರೂ ಬರೆದು ತಂದದ್ದನ್ನು ಮೇಷ್ಟ್ರು ಕತ್ತರಿಯಿಂದ ಪಟ್ಟಿಪಟ್ಟಿಯಾಗಿ ಕತ್ತರಿಸಿ ಚಾಪೆಯ ಮೇಲೆ ಹರಡಿದರು. ಹನ್ನೆರಡು ಚೀಟಿಗಳಾದವು. ಬರೆದವರ ಮಾತಿನಲ್ಲೇ ಅವು ಹೀಗಿದ್ದವು:

ಕರ್ನಾಟಕ ರಾಜ್ಯೋದಯ, 1-11-56
ಬೆಳಗಾವಿ ಕಾಂಗ್ರೆಸ್ ಅಧಿವೇಶನ, 1924
ಫಜಲ್ ಅಲಿ ಆಯೋಗ, 1953
ಕರ್ನಾಟಕ ಎಂದು ನಾಮಕರಣ, 1972
ಪೊಟ್ಟಿ ಶ್ರೀರಾಮುಲು ಉಪವಾಸ, ಆಂಧ್ರ ರಚನೆ, ಬಳ್ಳಾರಿ ಮೈಸೂರಿಗೆ, 1953
ವಿದ್ಯಾವರ್ಧಕ ಸಂಘ, ಧಾರವಾಡ, 1890
ಹೈದರಾಬಾದ್ ವಿಮೋಚನೆ, ಸೆಪ್ಟೆಂಬರ್ 17
ಹುಬ್ಬಳ್ಳಿ ಗಲಾಟೆ, 1953
ಫಜಲ್ ಅಲಿ ಆಯೋಗ, 1955
ಅದರಗುಂಚಿ ಶಂಕರಗೌಡರ ಉಪವಾಸ, ಹುಬ್ಬಳ್ಳಿ ಗಲಾಟೆಗೆ ಮೊದಲು
ಸಾಹಿತ್ಯ ಪರಿಷತ್ತು, 1915
ಕರ್ನಾಟಕ ಗತವೈಭವ, 1917

ಇಸವಿ ನೋಡಿ ಜೋಡಿಸುವುದು ಐದು ನಿಮಿಷದ ಕೆಲಸ ಎಂದು ಎಲ್ಲರೂ ಅಂದುಕೊಂಡಿದ್ದರು. ಅದಕ್ಕೆ ಇಡೀ ಸಂಜೆ ಬೇಕಾಯಿತು.

ಮೊದಲ ತೊಡಕು ಪೊಟ್ಟಿ ಶ್ರೀರಾಮುಲು ಅವರ ಚೀಟಿಯಲ್ಲಿ ಸಿಕ್ಕಿತು. ಒಂದೇ ಸಾಲಿನಲ್ಲಿ ಮೂರು ಸಂಗತಿಗಳಿದ್ದವು, ಇಸವಿ ಮಾತ್ರ ಒಂದೇ ಇತ್ತು. ಪ್ರತ್ಯೇಕ ಆಂಧ್ರಕ್ಕಾಗಿ ಶ್ರೀರಾಮುಲು ಅವರು ಮದರಾಸಿನಲ್ಲಿ ಉಪವಾಸ ಕೂತದ್ದು 1952ರ ಅಕ್ಟೋಬರ್ 19ರಂದು. ಐವತ್ತೆಂಟನೆಯ ದಿನ, ಡಿಸೆಂಬರ್ 15ರ ರಾತ್ರಿ ಅವರು ತೀರಿಕೊಂಡರು. ನಾಲ್ಕೇ ದಿನದಲ್ಲಿ ಪ್ರಧಾನಿ ನೆಹರೂ ಆಂಧ್ರ ರಾಜ್ಯ ರಚಿಸುವುದಾಗಿ ಸಾರಿದರು. ರಾಜ್ಯ ಹುಟ್ಟಿದ್ದು 1953ರ ಅಕ್ಟೋಬರ್ 1ರಂದು. ಅದೇ ದಿನ ಮದರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಉಳಿದ ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಹಾಗಾದರೆ ಇಡೀ ಸಾಲನ್ನು 1953ರ ಕೆಳಗೆ ಹಾಕುವಂತಿಲ್ಲ. ಮೇಷ್ಟ್ರು ಚೀಟಿಯನ್ನು ಎರಡಾಗಿ ಹರಿದರು. ಶ್ರೀರಾಮುಲು ನಿಧನ 1952ಕ್ಕೆ ಹೋಯಿತು. ಆಂಧ್ರದ ಹುಟ್ಟು ಮತ್ತು ಬಳ್ಳಾರಿಯ ಸೇರ್ಪಡೆ ಒಂದೇ ದಿನ ಜಾರಿಗೆ ಬಂದದ್ದರಿಂದ ಆ ಎರಡೂ ಒಂದೇ ಚೀಟಿಯಲ್ಲಿ 1953ಕ್ಕೆ ಹೋದವು.

ಒಂದು ಚೀಟಿಗೆ ಒಂದೇ ಘಟನೆ, ಒಂದು ಘಟನೆಗೆ ಒಂದೇ ದಿನ. ಇಷ್ಟು ಮಾಡಿಕೊಳ್ಳದೆ ಜೋಡಿಸಲು ಕೂತರೆ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ‘ಉಪವಾಸದಿಂದಾಗಿ’, ‘ಇದರ ಫಲವಾಗಿ’, ‘ಮುಂದೆ’ ಎಂಬ ಮಾತುಗಳು ಸಾಲಿನ ನಡುವೆ ಕಂಡರೆ ಅಲ್ಲಿ ಎರಡು ಇಸವಿಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂದು ಅನುಮಾನ ಪಡಬಹುದು. ಕಾರಣವನ್ನೂ ಪರಿಣಾಮವನ್ನೂ ಕೂಡಿಸಿ ಹೇಳುವುದು ಲೇಖನದ ಕೆಲಸ. ಇಸವಿವಾರು ಪಟ್ಟಿ ಅವೆರಡನ್ನೂ ಬಿಡಿಸಿ, ಎರಡರ ನಡುವೆ ಎಷ್ಟು ಕಾಲ ಹಿಡಿಯಿತು ಎಂಬುದನ್ನು ತೋರಿಸಬೇಕು.

ಮುಂದೆ ಫಜಲ್ ಅಲಿ ಆಯೋಗದ ಸರದಿ. ಒಂದು ಚೀಟಿ 1953 ಎನ್ನುತ್ತದೆ, ಇನ್ನೊಂದು 1955 ಎನ್ನುತ್ತದೆ. ಬ್ಯಾಂಕಿನವರು ಒಂದನ್ನು ಹರಿದು ಹಾಕಲು ಕೈ ಚಾಚಿದ್ದರು.

“ತಡೀರಿ, ಎರಡೂ ಸರಿ ಇರಬಹುದು,” ಎಂದರು ಮೇಷ್ಟ್ರು.

ಎರಡೂ ಸರಿಯೇ ಆಗಿದ್ದವು. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಈ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾದದ್ದು 1953ರ ಡಿಸೆಂಬರ್‌ನಲ್ಲಿ. ಅದು ವರದಿ ಒಪ್ಪಿಸಿದ್ದು 1955ರ ಸೆಪ್ಟೆಂಬರ್ 30ರಂದು. ಚೀಟಿ ಬರೆದ ಇಬ್ಬರೂ ‘ಆಯೋಗ’ ಎಂಬ ಹೆಸರನ್ನಷ್ಟೇ ಬರೆದು ಕ್ರಿಯಾಪದ ಬಿಟ್ಟಿದ್ದರು. ಬಂದ ಗೊಂದಲವೆಲ್ಲ ಅದರಿಂದಲೇ. ‘ನೇಮಕವಾಯಿತು’, ‘ವರದಿ ಒಪ್ಪಿಸಿತು’ ಎಂದು ಪೂರ್ತಿ ಬರೆದ ಕ್ಷಣ ಎರಡು ಚೀಟಿಗಳೂ ತಮ್ಮ ತಮ್ಮ ಜಾಗಕ್ಕೆ ಹೋದವು. ಒಂದೇ ಘಟನೆಗೆ ಎರಡು ಇಸವಿ ಕಂಡಾಗ ಯಾವುದು ತಪ್ಪು ಎಂದು ಹುಡುಕುವ ಮೊದಲು ಕ್ರಿಯಾಪದ ಎಲ್ಲಿ ಹೋಯಿತು ಎಂದು ಹುಡುಕಬೇಕು.

ನಾಮಕರಣದ ಚೀಟಿಯಲ್ಲೂ ಇದೇ ಗಂಟು. ಬರೆದವರು 1972 ಎಂದಿದ್ದರು. ಗೃಹಿಣಿಯವರು, “ಇಲ್ಲ ಸಾರ್, 1973 ನವೆಂಬರ್ ಒಂದು. ನಮ್ಮ ತಂದೆ ಆ ದಿನದ ಪತ್ರಿಕೆ ಎತ್ತಿಟ್ಟಿದ್ದರು,” ಎಂದರು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಿಡಬೇಕೆಂದು ವಿಧಾನಸಭೆ ನಿರ್ಣಯ ಮಾಡಿದ್ದು 1972ರಲ್ಲಿ, ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ. ಅದಕ್ಕೆ ಬೇಕಾದ ಕಾಯ್ದೆಯನ್ನು ಸಂಸತ್ತು 1973ರಲ್ಲಿ ಮಾಡಿತು. ಹೆಸರು ಜಾರಿಗೆ ಬಂದದ್ದು 1973ರ ನವೆಂಬರ್ 1ರಂದು. ಸಮಿತಿ ನಿರ್ಣಯಕ್ಕೊಂದು, ಜಾರಿಗೊಂದು ಎಂದು ಎರಡು ಚೀಟಿ ಮಾಡಿತು.

ಇಂಥ ಘಟನೆಗಳಿಗೆಲ್ಲ ಮೂರು ನಾಲ್ಕು ದಿನಾಂಕಗಳಿರುತ್ತವೆ. ತೀರ್ಮಾನವಾದ ದಿನ, ಅಂಕಿತ ಬಿದ್ದ ದಿನ, ಪ್ರಕಟವಾದ ದಿನ, ಜಾರಿಗೆ ಬಂದ ದಿನ ಎಲ್ಲವೂ ಬೇರೆಬೇರೆ. ರಾಜ್ಯ ಪುನರ್ವಿಂಗಡಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 1956ರ ಆಗಸ್ಟ್ 31ರಂದು, ಹೊಸ ರಾಜ್ಯ ಬಂದದ್ದು ನವೆಂಬರ್ 1ರಂದು. ಅಲ್ಲಿ ಎರಡೂ ಒಂದೇ ಇಸವಿಯ ಒಳಗಿರುವುದರಿಂದ ತೊಂದರೆಯಾಗುವುದಿಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ 371ಜೆ ವಿಧಿಯ ತಿದ್ದುಪಡಿ ಹಾಗಲ್ಲ. ಅದರ ಹೆಸರಿನಲ್ಲಿ 2012 ಇದೆ, ಅಂಕಿತ ಬಿದ್ದದ್ದು 2013ರ ಜನವರಿ 1ರಂದು. ಹೆಸರಿನಲ್ಲಿರುವ ಇಸವಿಯನ್ನೇ ನಂಬಿ ತಲೆಬರಹ ಹಾಕಿದರೆ ಒಂದು ವರ್ಷ ಹಿಂದಕ್ಕೆ ಬೀಳುತ್ತದೆ. ಒಂದು ಪಟ್ಟಿಯಲ್ಲಿ ಒಂದೇ ಅಳತೆಗೋಲು ಇರಲಿ. ಕಾಯ್ದೆಗಳನ್ನೆಲ್ಲ ಜಾರಿಯ ದಿನಕ್ಕೆ ಹಾಕುವುದಾದರೆ ಎಲ್ಲವನ್ನೂ ಹಾಗೇ ಹಾಕಬೇಕು, ಪಟ್ಟಿಯ ಮೇಲೆ ಅದನ್ನು ಒಂದು ಸಾಲಿನಲ್ಲಿ ಹೇಳಬೇಕು.

ಹೈದರಾಬಾದಿನ ಚೀಟಿಗೆ ತಿಂಗಳು ಮತ್ತು ದಿನ ಇತ್ತು, ಇಸವಿ ಇರಲಿಲ್ಲ. ಬರೆದವರು ಕಲಬುರಗಿ ಕಡೆಯವರು. ಸೆಪ್ಟೆಂಬರ್ 17 ಎಂದರೆ ಅವರಿಗೆ ಸಾಕು, ಇಸವಿ ಹೇಳುವ ಅಗತ್ಯವೇ ಕಾಣಲಿಲ್ಲ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ನಿಜಾಮನ ಸಂಸ್ಥಾನದೊಳಕ್ಕೆ ಹೋಯಿತು, 17ರಂದು ನಿಜಾಮನ ಕಡೆಯವರು ಶರಣಾದರು. ಬೀದರ್, ಕಲಬುರಗಿ, ರಾಯಚೂರು ಸೀಮೆಯ ಜನರಿಗೆ ಸ್ವಾತಂತ್ರ್ಯ ಬಂದದ್ದು ಆಗಲೇ, 1947ರ ಆಗಸ್ಟ್ 15ರ ಹದಿಮೂರು ತಿಂಗಳ ಮೇಲೆ. ಸಂಘದ ಉಳಿದವರಿಗೆ ಇದು ಆ ಸಂಜೆಯವರೆಗೆ ಮನಸ್ಸಿಗೆ ನಾಟಿರಲಿಲ್ಲ. 1948 ಎಂಬ ತಲೆಬರಹ ಬಿದ್ದ ಮೇಲೆ ಅದು ಕಣ್ಣೆದುರು ಬಂತು.

ಇನ್ನು 1953. ಈ ಪತ್ರ ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಇಲ್ಲಿ. ನಿಮ್ಮ ಸಂಚಿಕೆಗಳು ಹೆಚ್ಚು ಎಡವುವುದೂ ಇಲ್ಲೇ.

ಆ ಒಂದೇ ಇಸವಿಯ ಕೆಳಗೆ ನಾಲ್ಕು ಚೀಟಿಗಳು ಬಂದವು. ಅದರಗುಂಚಿಯವರ ಉಪವಾಸ, ಹುಬ್ಬಳ್ಳಿ ಗಲಾಟೆ, ಬಳ್ಳಾರಿಯ ಸೇರ್ಪಡೆ, ಆಯೋಗದ ನೇಮಕ. ಇಸವಿಯ ತಲೆಬರಹದ ಕೆಳಗೆ ಹೇಗೆ ಹಾಕಿದರೂ ನಡೆಯುತ್ತದೆ ಎಂದುಕೊಳ್ಳುವವರು ಬಹಳ. ಹಾಗೆ ಹಾಕಿದರೆ ತಲೆಬರಹ ಬರೀ ಡಬ್ಬಿಯಾಗುತ್ತದೆ, ಒಳಗಿನ ಸಾಮಾನು ಮತ್ತೆ ಕಲಸಿಹೋಗುತ್ತದೆ. ಆಯೋಗದ ನೇಮಕವನ್ನು ಮೊದಲು ಬರೆದು ಹುಬ್ಬಳ್ಳಿ ಗಲಾಟೆಯನ್ನು ಕೆಳಗೆ ಬರೆದರೆ, ಆಯೋಗ ಬಂದ ಮೇಲೂ ಜನ ದಂಗೆಯೆದ್ದರು ಎಂಬ ಅರ್ಥ ಬರುತ್ತದೆ. ನಡೆದದ್ದು ತಿರುಗುಮುರುಗು.

ಅದರಗುಂಚಿ ಶಂಕರಗೌಡರು ಕರ್ನಾಟಕ ಪ್ರಾಂತಕ್ಕಾಗಿ ಉಪವಾಸ ಶುರುಮಾಡಿದ್ದು ಮಾರ್ಚ್ 28ರಂದು. ಆಂಧ್ರಕ್ಕೆ ರಾಜ್ಯ ಕೊಡುವುದಾಗಿ ಆಗಲೇ ಮಾತಾಗಿತ್ತು, ಕನ್ನಡಿಗರ ಬೇಡಿಕೆಗೆ ಅಂಥ ಮಾತು ಸಿಕ್ಕಿರಲಿಲ್ಲ. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಪ್ರದೇಶ ಕಾಂಗ್ರೆಸ್ಸಿನ ಸಭೆ ಸೇರಿದ್ದಾಗ ಜನರ ಸಿಟ್ಟು ಕಟ್ಟೆಯೊಡೆಯಿತು. ಅಷ್ಟರಲ್ಲಿ ಗೌಡರ ಉಪವಾಸ ಇಪ್ಪತ್ತು ದಿನ ದಾಟಿತ್ತು. ಚೀಟಿಯಲ್ಲಿದ್ದ ‘ಗಲಾಟೆಗೆ ಮೊದಲು’ ಎಂಬ ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಉಪವಾಸ ಮೊದಲು ಆರಂಭವಾಯಿತು, ಗಲಾಟೆಯ ಹೊತ್ತಿಗೂ ನಡೆದೇ ಇತ್ತು. ಇಂಥ ನೀಳ ಘಟನೆಗಳನ್ನು ಆರಂಭದ ದಿನಕ್ಕೆ ಇಟ್ಟು, ‘ಮಾರ್ಚ್–ಏಪ್ರಿಲ್’ ಎಂದು ಹರವನ್ನೂ ಬರೆಯುವುದು ಸರಿಯಾದ ದಾರಿ. ಸಮಿತಿಯೂ ಹಾಗೇ ಮಾಡಿತು. ಆಮೇಲೆ ಅಕ್ಟೋಬರ್ 1, ಆಮೇಲೆ ಡಿಸೆಂಬರ್. ನಾಲ್ಕು ಚೀಟಿಗಳನ್ನು ಮೇಲಿನಿಂದ ಕೆಳಕ್ಕೆ ಓದಿದಾಗ ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಬ್ಬ ಮನುಷ್ಯ ಊಟ ಬಿಟ್ಟು ಕೂತ. ಒಂದು ಊರು ಕೆರಳಿತು. ಏಳು ತಾಲ್ಲೂಕು ಬಂದವು. ವರ್ಷ ಮುಗಿಯುವ ಮೊದಲು ಇಡೀ ದೇಶದ ಗಡಿಗಳನ್ನು ಮತ್ತೆ ನೋಡಲು ಆಯೋಗ ಕೂತಿತು. ಯಾರೂ ವಿವರಣೆ ಬರೆಯಲಿಲ್ಲ, ಚೀಟಿಗಳ ಸಾಲೇ ಅದನ್ನು ಹೇಳಿತು.

ತಿಂಗಳು ಗೊತ್ತಿಲ್ಲದ ಘಟನೆಗಳನ್ನು ಏನು ಮಾಡುವುದು? ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾದ ತಿಂಗಳು ಸಮಿತಿಯವರ ಕೈಲಿರಲಿಲ್ಲ. 1917ರಲ್ಲಿ ಬೇರೆ ಚೀಟಿ ಇಲ್ಲದ್ದರಿಂದ ತೊಂದರೆಯಾಗಲಿಲ್ಲ. ಇದ್ದಿದ್ದರೆ, ದಿನ ಗೊತ್ತಿರುವುದನ್ನೆಲ್ಲ ಮೊದಲು ಸಾಲಾಗಿ ಬರೆದು, ಗೊತ್ತಿಲ್ಲದ್ದನ್ನು ಆ ಇಸವಿಯ ಕೊನೆಗೆ ‘ಇದೇ ವರ್ಷ’ ಎಂದು ಸೇರಿಸಬೇಕು. ಊಹೆಯ ತಿಂಗಳು ಹಾಕಬಾರದು. ಒಂದು ಸಂಚಿಕೆಯಲ್ಲಿ ಊಹಿಸಿ ಹಾಕಿದ ತಿಂಗಳು ಮುಂದಿನ ಹತ್ತು ಸಂಚಿಕೆಗಳಲ್ಲಿ ಸತ್ಯವಾಗಿ ಅಚ್ಚಾಗುತ್ತದೆ.

ಕೆಲವು ಸಂಘಗಳು ಪಟ್ಟಿಯನ್ನು ಶಾಸನಗಳ ಕಾಲದಿಂದ ಆರಂಭಿಸುತ್ತವೆ. ಅವರಿಗೆ ಒಂದು ಮಾತು. ಶಕ ವರ್ಷವನ್ನು ಕ್ರಿಸ್ತಶಕಕ್ಕೆ ತರಲು 78 ಕೂಡಿಸಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಶಕ ವರ್ಷ ಯುಗಾದಿಗೆ ತಿರುಗುತ್ತದೆ, ಜನವರಿಗೆ ಅಲ್ಲ. ಜನವರಿಯಿಂದ ಯುಗಾದಿಯವರೆಗಿನ ಘಟನೆಗಳಿಗೆ 79 ಕೂಡಿಸಬೇಕು. ರಕ್ಕಸ-ತಂಗಡಿ ಕಾಳಗ ನಡೆದದ್ದು ಶಕ 1486ರ ರಕ್ತಾಕ್ಷಿ ಸಂವತ್ಸರದಲ್ಲಿ. 78 ಕೂಡಿಸಿದರೆ 1564 ಬರುತ್ತದೆ. ನಿಜವಾದ ದಿನ 1565ರ ಜನವರಿ 23. ಐಹೊಳೆಯ ಮೇಗುತಿ ಬಸದಿಯಲ್ಲಿರುವ ರವಿಕೀರ್ತಿಯ ಶಾಸನದ ಕಾಲ ಶಕ 556. ತಿಂಗಳು ಕೈಯಲ್ಲಿಲ್ಲದಿದ್ದರೆ ಅದನ್ನು 634-35 ಎಂದು ಬರೆದು 634ರ ಜಾಗದಲ್ಲಿ ಇಡುವುದು ಕ್ಷೇಮ. ಹಲ್ಮಿಡಿ ಶಾಸನದಲ್ಲಿ ಇಸವಿಯೇ ಇಲ್ಲ. ‘ಸುಮಾರು 450’ ಎಂಬುದು ಲಿಪಿ, ಭಾಷೆ, ರಾಜರ ಹೆಸರು ನೋಡಿ ವಿದ್ವಾಂಸರು ಕಟ್ಟಿದ ಅಂದಾಜು. ಅದನ್ನು 450ರ ಜಾಗದಲ್ಲೇ ಇಡಬಹುದು, ‘ಸುಮಾರು’ ಎಂಬ ಪದ ಮಾತ್ರ ಎಲ್ಲೂ ಕಳಚಿ ಬೀಳಬಾರದು.

ಚಾಪೆಯ ಮೇಲೆ ಸರಿಯಾಗಿ ಕೂತ ಸಾಲು ಗಣಕಯಂತ್ರಕ್ಕೆ ಹೋದಾಗ ಮತ್ತೆ ಕೆಟ್ಟಿತು. ಹುಡುಗಿ ಎಲ್ಲವನ್ನೂ ಎಕ್ಸೆಲ್ ಹಾಳೆಯಲ್ಲಿ ಟೈಪ್ ಮಾಡಿ, ದಿನಾಂಕದ ಕಂಬವನ್ನು ಆರಿಸಿ ಕ್ರಮಕ್ಕೆ ಹಾಕಿದಳು. ವಿದ್ಯಾವರ್ಧಕ ಸಂಘ ಪಟ್ಟಿಯ ತಳದ ಕಡೆಗೆ ಹೋಗಿ ಕೂತಿತು. ಸಾಹಿತ್ಯ ಪರಿಷತ್ತು 1973ರಿಂದಲೂ ಆಚೆ ಹೋಯಿತು. ಬಳ್ಳಾರಿ ಶಂಕರಗೌಡರ ಉಪವಾಸಕ್ಕಿಂತ ಮೇಲೆ ಬಂತು. ಹುಡುಗಿ ಗಾಬರಿಯಾದಳು. ಅವಳ ತಪ್ಪೇನೂ ಇರಲಿಲ್ಲ.

ಮೂರಕ್ಕೂ ಮೂರು ಬೇರೆ ಕಾರಣಗಳಿದ್ದವು. ಎಕ್ಸೆಲ್‌ನ ದಿನಾಂಕಗಳು 1900ರಿಂದ ಆರಂಭವಾಗುತ್ತವೆ. ಅದಕ್ಕೂ ಹಿಂದಿನ 20-7-1890 ಅದಕ್ಕೆ ದಿನಾಂಕವೇ ಅಲ್ಲ, ಬರೀ ಅಕ್ಷರ. ಕ್ರಮಕ್ಕೆ ಹಾಕಿದಾಗ ಅಕ್ಷರಗಳು ಅಂಕಿಗಳ ಕೆಳಗೆ ಹೋಗುತ್ತವೆ. ಪರಿಷತ್ತಿನ ಸ್ಥಾಪನೆಯನ್ನು ಅವಳು 5-5-15 ಎಂದು ಚಿಕ್ಕದಾಗಿ ಬರೆದಿದ್ದಳು, ಯಂತ್ರ ಅದನ್ನು 2015 ಎಂದು ಓದಿತು. ಬಳ್ಳಾರಿಯ ಕಥೆ ಇನ್ನೂ ಸೂಕ್ಷ್ಮ. ಆ ಯಂತ್ರ ಅಮೆರಿಕದ ಪದ್ಧತಿಗೆ ಹೊಂದಿಸಿದ್ದಾಗಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಹೀಗಾಗಿ 1-10-1953 ಎಂಬುದು ಅಕ್ಟೋಬರ್ ಒಂದು ಹೋಗಿ ಜನವರಿ ಹತ್ತಾಯಿತು, ಉಪವಾಸದ 28-3-1953 ದಿನಾಂಕವೇ ಆಗದೆ ಅಕ್ಷರವಾಗಿ ಕೆಳಗೆ ಹೋಯಿತು. ರಾಜ್ಯೋದಯದ 1-11-1956 ಕೂಡ ಜನವರಿ 11 ಆಗಿತ್ತು, ಆದರೆ ಆ ಇಸವಿಯಲ್ಲಿ ಬೇರೆ ಚೀಟಿ ಇಲ್ಲದ್ದರಿಂದ ಯಾರಿಗೂ ತಿಳಿಯಲಿಲ್ಲ. ಅಮೆರಿಕದ ಕನ್ನಡ ಕೂಟಗಳು ಸಂಚಿಕೆ ಮಾಡುವಾಗ, ಊರಿನಿಂದ ಬಂದ ಪಟ್ಟಿಯನ್ನು ಅಲ್ಲಿನ ಯಂತ್ರಕ್ಕೆ ಹಾಕುವಾಗ ಇದನ್ನು ವಿಶೇಷವಾಗಿ ಗಮನಿಸಬೇಕು. ದಿನದ ಅಂಕಿ ಹನ್ನೆರಡು ದಾಟಿದ್ದರೆ ಯಂತ್ರ ಅದನ್ನು ದಿನಾಂಕವೆಂದು ಒಪ್ಪುವುದಿಲ್ಲ, ತಪ್ಪು ಕೂಡಲೇ ಗೊತ್ತಾಗುತ್ತದೆ. ಹನ್ನೆರಡರ ಒಳಗಿದ್ದರೆ ಸದ್ದಿಲ್ಲದೆ ತಿರುಗಿಬಿಡುತ್ತದೆ.

ಇದಕ್ಕೆ ಮದ್ದು ಸುಲಭ. ಕ್ರಮಕ್ಕೆ ಹಾಕಲೆಂದೇ ಒಂದು ಪ್ರತ್ಯೇಕ ಕಂಬ ಮಾಡಿಕೊಳ್ಳಬೇಕು. ಟೈಪ್ ಮಾಡುವ ಮೊದಲೇ ಅದನ್ನು ಅಕ್ಷರದ ಕಂಬವೆಂದು ಗುರುತಿಸಬೇಕು, ಇಲ್ಲದಿದ್ದರೆ ಯಂತ್ರ ಮತ್ತೆ ತನ್ನ ಬುದ್ಧಿ ಓಡಿಸುತ್ತದೆ. ಅದರಲ್ಲಿ ಇಸವಿ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ. ತಿಂಗಳಿಗೂ ದಿನಕ್ಕೂ ತಪ್ಪದೆ ಎರಡೆರಡು ಅಂಕಿ. ತಿಂಗಳು ಗೊತ್ತಿಲ್ಲದ ಕಡೆ 99 ಎಂದು ಹಾಕಿದರೆ ಆ ಘಟನೆ ತಾನಾಗಿಯೇ ಇಸವಿಯ ಕೊನೆಗೆ ಹೋಗುತ್ತದೆ:

```
1890-07-20
1915-05-05
1917-99-99
1953-03-28
1953-04-19
1953-10-01
```

ಹೀಗೆ ಬರೆದ ಸಾಲುಗಳನ್ನು ಅಕ್ಷರವೆಂದು ಓದಿದರೂ ಕಾಲಕ್ರಮವೇ ಬರುತ್ತದೆ. ಈ ಕಂಬದಲ್ಲಿ ಕನ್ನಡ ಅಂಕಿ ಬೇಡ. ಪುಟದಲ್ಲಿ ೧೯೫೩ ಎಂದು ಅಚ್ಚಾಗಲಿ, ಅದು ಚೆಂದವೇ. ಕೆಲಸದ ಕಂಬದಲ್ಲಿ ಮಾತ್ರ ಒಂದೇ ಬಗೆಯ ಅಂಕಿಗಳಿರಬೇಕು, ಎರಡು ಬಗೆ ಬೆರೆತರೆ ಪಟ್ಟಿ ಎರಡು ತುಂಡಾಗುತ್ತದೆ. ಅಚ್ಚಿಗೆ ಕಳಿಸುವಾಗ ಆ ಕಂಬವನ್ನು ತೆಗೆದು, ಓದುವವರಿಗೆ ‘ಅಕ್ಟೋಬರ್ 1’ ಎಂದು ಬರೆದರಾಯಿತು. ಇಸವಿ ತಲೆಬರಹದಲ್ಲೇ ಇರುವುದರಿಂದ ಕೆಳಗಿನ ಸಾಲುಗಳಲ್ಲಿ ಅದನ್ನು ಮತ್ತೆ ಬರೆಯಬೇಕಾಗಿಲ್ಲ.

ಸಾಲು ನಿಂತ ಮೇಲೆ ಹೆಸರುಗಳ ತೊಡಕು ಹೊರಬಂತು. ಮೊದಲ ಚೀಟಿಯಲ್ಲಿ ‘ಕರ್ನಾಟಕ ರಾಜ್ಯೋದಯ, 1-11-56’ ಎಂದಿತ್ತು. ಅದರ ಕೆಳಗೇ 1973ರಲ್ಲಿ ಕರ್ನಾಟಕ ಎಂಬ ಹೆಸರು ಬಂತು ಎಂದಿತ್ತು. ಚೀಟಿಗಳು ಕಲಸಿಕೊಂಡಿದ್ದಾಗ ಯಾರಿಗೂ ಕಾಣದ ವಿರೋಧ, ಅಕ್ಕಪಕ್ಕ ಬಂದ ಕೂಡಲೇ ಎದ್ದು ಕಂಡಿತು. 1956ರ ನವೆಂಬರ್ 1ರಂದು ಹುಟ್ಟಿದ ರಾಜ್ಯದ ಹೆಸರು ಮೈಸೂರು. ಮುಂಬಯಿ, ಹೈದರಾಬಾದ್, ಮದರಾಸು ರಾಜ್ಯಗಳ ಕನ್ನಡ ಸೀಮೆಗಳೂ ಕೊಡಗೂ ಅದಕ್ಕೆ ಸೇರಿದವು. ಹದಿನೇಳು ವರ್ಷ ಅದು ಮೈಸೂರಾಗಿಯೇ ಇತ್ತು. ಸಾಹಿತ್ಯ ಪರಿಷತ್ತು ಕೂಡ 1915ರಲ್ಲಿ ಆರಂಭವಾದದ್ದು ‘ಕರ್ಣಾಟಕ ಸಾಹಿತ್ಯ ಪರಿಷತ್ತು’ ಎಂಬ ಹೆಸರಿನಲ್ಲಿ. ಪ್ರತಿ ಇಸವಿಯ ಕೆಳಗೆ ಆ ಕಾಲದ ಹೆಸರೇ ಇರಬೇಕು. ಇಂದಿನ ಹೆಸರು ಬೇಕೆನಿಸಿದರೆ ‘ಇಂದಿನ’ ಎಂದು ಸೇರಿಸಬಹುದು.

ರಾತ್ರಿ ಎಂಟರ ಹೊತ್ತಿಗೆ ಪಟ್ಟಿ ಈ ರೂಪಕ್ಕೆ ಬಂತು:

1890
ಜುಲೈ 20: ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾಯಿತು.

1915
ಮೇ 5: ಬೆಂಗಳೂರಿನಲ್ಲಿ ಕರ್ಣಾಟಕ ಸಾಹಿತ್ಯ ಪರಿಷತ್ತು ಸ್ಥಾಪನೆಯಾಯಿತು.

1917
ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ ಪ್ರಕಟವಾಯಿತು.

1924
ಡಿಸೆಂಬರ್ 26–27: ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು.

1948
ಸೆಪ್ಟೆಂಬರ್ 17: ಹೈದರಾಬಾದ್ ಸಂಸ್ಥಾನ ವಿಮೋಚನೆಯಾಯಿತು.

1952
ಡಿಸೆಂಬರ್ 15: ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ನಿಧನರಾದರು.

1953
ಮಾರ್ಚ್–ಏಪ್ರಿಲ್: ಅದರಗುಂಚಿ ಶಂಕರಗೌಡರು ಉಪವಾಸ ಮಾಡಿದರು.
ಏಪ್ರಿಲ್ 19: ಹುಬ್ಬಳ್ಳಿಯಲ್ಲಿ ಗಲಾಟೆಯಾಯಿತು.
ಅಕ್ಟೋಬರ್ 1: ಆಂಧ್ರ ರಾಜ್ಯ ಹುಟ್ಟಿತು, ಬಳ್ಳಾರಿಯ ಏಳು ತಾಲ್ಲೂಕು ಮೈಸೂರಿಗೆ ಸೇರಿದವು.
ಡಿಸೆಂಬರ್: ಫಜಲ್ ಅಲಿ ಆಯೋಗ ನೇಮಕವಾಯಿತು.

1955
ಸೆಪ್ಟೆಂಬರ್ 30: ಆಯೋಗ ವರದಿ ಒಪ್ಪಿಸಿತು.

1956
ನವೆಂಬರ್ 1: ವಿಶಾಲ ಮೈಸೂರು ರಾಜ್ಯ ಉದಯವಾಯಿತು.

1972
ಕರ್ನಾಟಕ ಎಂಬ ಹೆಸರಿಗಾಗಿ ವಿಧಾನಸಭೆ ನಿರ್ಣಯ ಮಾಡಿತು.

1973
ನವೆಂಬರ್ 1: ರಾಜ್ಯದ ಹೆಸರು ಕರ್ನಾಟಕವಾಯಿತು.

ಮೇಷ್ಟ್ರು ಎಣಿಸಿದರು. ಬಂದ ಚೀಟಿ ಹನ್ನೆರಡು, ಪಟ್ಟಿಯಲ್ಲಿ ಹದಿನಾಲ್ಕು ಸಾಲು. ಎರಡು ಹೆಚ್ಚಾದದ್ದು ಎಲ್ಲಿಂದ? ಶ್ರೀರಾಮುಲು ಅವರ ಚೀಟಿ ಎರಡಾಯಿತು, ನಾಮಕರಣದ ಚೀಟಿ ಎರಡಾಯಿತು. ಲೆಕ್ಕ ಸರಿಹೋಯಿತು. ಈ ಎಣಿಕೆಯನ್ನು ದಯವಿಟ್ಟು ಯಾರೂ ಬಿಡಬೇಡಿ. ಜೋಡಿಸುವ ಭರದಲ್ಲಿ ಒಂದು ಘಟನೆ ಕಳೆದುಹೋದರೆ ಉಳಿದ ಪಟ್ಟಿ ನೋಡಿ ಅದನ್ನು ಪತ್ತೆಮಾಡಲಾಗದು, ಏಕೆಂದರೆ ಸಾಲು ಅಚ್ಚುಕಟ್ಟಾಗಿಯೇ ಕಾಣುತ್ತಿರುತ್ತದೆ. ಆಮೇಲೆ ತಲೆಬರಹಗಳನ್ನು ಮಾತ್ರ ಮೇಲಿನಿಂದ ಕೆಳಕ್ಕೆ ಒಬ್ಬರು ಜೋರಾಗಿ ಓದಬೇಕು. ಯಾವ ಇಸವಿಯೂ ಎರಡು ಸಲ ಬರಬಾರದು, ಯಾವುದೂ ಹಿಂದಿನದಕ್ಕಿಂತ ಚಿಕ್ಕದಾಗಬಾರದು. ಕಣ್ಣು ಬಿಟ್ಟದ್ದನ್ನು ಕಿವಿ ಹಿಡಿಯುತ್ತದೆ.

ಹಾಗೆ ಓದುವಾಗಲೇ ಗೃಹಿಣಿಯವರು ತಡೆದರು. “1924 ಆದಮೇಲೆ 1948 ಅಂದ್ರಲ್ಲ ಮೇಷ್ಟ್ರೇ, ನಡುವೆ ಇಪ್ಪತ್ತನಾಲ್ಕು ವರ್ಷ ಏನೂ ಆಗಲಿಲ್ವಾ?”

ಆಗಿತ್ತು. ಸಮಿತಿಗೆ ನೆನಪಾಗಿರಲಿಲ್ಲ ಅಷ್ಟೆ. ಕನ್ನಡ ಪ್ರಾಂತದ ಬೇಡಿಕೆಗೆ ಬೆಂಬಲ ಕೊಟ್ಟ ನೆಹರೂ ಸಮಿತಿ ವರದಿ 1928ರದು. ಇಸವಿಯ ತಲೆಬರಹಗಳು ಒಂದರ ಕೆಳಗೊಂದು ಒಂದೇ ಅಂತರದಲ್ಲಿ ಅಚ್ಚಾಗುವುದರಿಂದ, ಎರಡು ವರ್ಷದ ಅಂತರವೂ ಇಪ್ಪತ್ತನಾಲ್ಕು ವರ್ಷದ ಅಂತರವೂ ಪುಟದಲ್ಲಿ ಒಂದೇ ಅಳತೆಯಾಗಿ ಕಾಣುತ್ತವೆ. ಈ ರೂಪದ ಪಟ್ಟಿಯ ದೊಡ್ಡ ಕೊರತೆ ಇದು. ದೊಡ್ಡ ಅಂತರ ಕಂಡ ಕಡೆ ನಿಂತು, ಅದು ಇತಿಹಾಸದ ಮೌನವೋ ಸಮಿತಿಯ ಮರೆವೋ ಎಂದು ಕೇಳಿಕೊಳ್ಳಬೇಕು. 1928ಕ್ಕೆ ಹೊಸ ಚೀಟಿ ಬಂತು. 1956ರಿಂದ 1972ರವರೆಗಿನ ಖಾಲಿಯನ್ನೂ ಅವರು ಅದೇ ಕಣ್ಣಿನಿಂದ ನೋಡಿದರು.

ಹುಡುಗಿ ಕೇಳಿದಳು, “ಹೆಸರು ಕರ್ನಾಟಕ ಅಂತ ಆದಾಗ ಆಲೂರು ವೆಂಕಟರಾಯರು ಎಷ್ಟು ಸಂತೋಷಪಟ್ಟಿರಬೇಕು ಅಲ್ವಾ ಸಾರ್?”

ಕೆಲವು ಸಂಚಿಕೆಗಳನ್ನು ಓದಿದರೆ ಹಾಗೇ ಅನಿಸುತ್ತದೆ, ಆಲೂರರ ಹೆಸರೂ 1973ರ ಸಂಭ್ರಮವೂ ಅವುಗಳಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ. ‘ಕರ್ನಾಟಕದ ಕುಲಪುರೋಹಿತ’ರು ತೀರಿಕೊಂಡದ್ದು 1964ರಲ್ಲಿ. 1956ರ ನವೆಂಬರ್ ಒಂದನ್ನು ಅವರು ಕಂಡರು. ಬದುಕಿನುದ್ದಕ್ಕೂ ಯಾವ ಹೆಸರನ್ನು ಜಪಿಸಿದರೋ ಆ ಹೆಸರು ರಾಜ್ಯಕ್ಕೆ ಬಂದದ್ದನ್ನು ಕಾಣಲಿಲ್ಲ. ಬೆಳಗಾವಿ ಅಧಿವೇಶನದಲ್ಲಿ ಹಾಡಿದ ನಾಡಗೀತವನ್ನು ಬರೆದ ಹುಯಿಲಗೋಳ ನಾರಾಯಣರಾಯರೂ 1971ರಲ್ಲಿ ಹೋದರು, ಎರಡು ವರ್ಷ ಮೊದಲು.

ಮೇಷ್ಟ್ರು ಹಳೆಯ ನೋಟ್‌ಬುಕ್ಕಿನಿಂದ ಇನ್ನೊಂದು ಹಾಳೆ ಹರಿದು ಎರಡು ಚೀಟಿ ಮಾಡಿದರು. 1964 ಎಂದು ಒಂದರ ಮೇಲೆ, 1971 ಎಂದು ಇನ್ನೊಂದರ ಮೇಲೆ ಬರೆದರು. 1956ರ ಚೀಟಿಯನ್ನು ಸ್ವಲ್ಪ ಮೇಲಕ್ಕೆ ಸರಿಸಿ, 1972ರದನ್ನು ಕೆಳಕ್ಕೆ ಸರಿಸಿ, ಅವೆರಡರ ನಡುವೆ ಜಾಗ ಮಾಡಿ ಇಟ್ಟರು.

ಇತಿ,
ನಿಮ್ಮ ಸಂಚಿಕೆಗಳ ಒಬ್ಬ ಓದುಗ